ಕೈಗೆ ಬಂದ ಐದು ಲಕ್ಷ: ಗೃಹಸಾಲಕ್ಕೆ ಕಟ್ಟುವುದಾ, ಹೂಡಿಕೆ ಮಾಡುವುದಾ?

ಗೃಹಸಾಲ ನಡೆಯುತ್ತಿರುವಾಗ ಬೋನಸ್ಸೋ, ಊರಿನ ಸೈಟು ಮಾರಿದ ಪಾಲೋ ಕೈಗೆ ಬಂದರೆ ಮನೆಯಲ್ಲಿ ಎರಡು ಪಕ್ಷ ಹುಟ್ಟುತ್ತವೆ. ಅಪ್ಪ "ಮೊದಲು ಸಾಲ ತೀರಿಸಪ್ಪ" ಅಂತಾರೆ. ಆಫೀಸಿನ ಗೆಳೆಯ "ಇಷ್ಟು ಕಡಿಮೆ ಬಡ್ಡಿಗೆ ಬೇರೆ ಯಾವ ಸಾಲ ಸಿಗುತ್ತೆ? ಮ್ಯೂಚುವಲ್ ಫಂಡ್‌ಗೆ ಹಾಕು" ಅಂತಾನೆ. ಇಬ್ಬರ ಮಾತೂ ಕೆಲವು ಸಾಲಗಳಿಗೆ ಸರಿ, ಕೆಲವಕ್ಕೆ ತಪ್ಪು. ನಿಮ್ಮ ಸಾಲ ಯಾವ ಗುಂಪಿಗೆ ಸೇರುತ್ತೆ ಅಂತ ತಿಳಿಯೋಕೆ ಮೂರು ವಿಷಯ ಸಾಕು: ಬಡ್ಡಿ ದರ, ನಿಮಗೆ ನಿಜವಾಗಿ ಸಿಗುತ್ತಿರುವ ತೆರಿಗೆ ವಿನಾಯಿತಿ, ಬಾಕಿ ಉಳಿದ ವರ್ಷಗಳು. ಒಂದೇ ಉದಾಹರಣೆ ಇಟ್ಟುಕೊಂಡು ಕೊನೆಯವರೆಗೂ ನೋಡೋಣ.

ಮೈಸೂರಿನಲ್ಲಿ ಸ್ವಂತ ಮನೆಯಲ್ಲಿ ವಾಸವಿರುವ ಒಬ್ಬರು ಅಂತ ಇಟ್ಟುಕೊಳ್ಳಿ. ಸಂಬಳ ವರ್ಷಕ್ಕೆ 18 ಲಕ್ಷದ ಆಸುಪಾಸು. ಸಾಲದಲ್ಲಿ ಬಾಕಿ ಇರುವ ಅಸಲು 30 ಲಕ್ಷ, ದರ ಶೇ. 8, ಫ್ಲೋಟಿಂಗ್. ಇನ್ನೂ 15 ವರ್ಷ ಬಾಕಿ. ತಿಂಗಳ ಇಎಂಐ 28,670 ರೂಪಾಯಿ. ಕೈಯಲ್ಲಿ ಈಗ 5 ಲಕ್ಷ ಇದೆ.

"9 ಲಕ್ಷ ಉಳೀತು" ಅನ್ನುವ ಲೆಕ್ಕ

ಈ 5 ಲಕ್ಷವನ್ನು ಸಾಲಕ್ಕೆ ಕಟ್ಟಿ, ಇಎಂಐ ಹಾಗೇ ಮುಂದುವರಿಸಿದರೆ 180 ತಿಂಗಳ ಸಾಲ ಸುಮಾರು 131 ತಿಂಗಳಿಗೆ ಮುಗಿಯುತ್ತೆ. ನಾಲ್ಕು ವರ್ಷ ಬೇಗ. ಒಟ್ಟು ಬಡ್ಡಿ 21.6 ಲಕ್ಷದಿಂದ 12.6 ಲಕ್ಷಕ್ಕೆ ಇಳಿಯುತ್ತೆ. ಅಂದರೆ 9 ಲಕ್ಷ ಉಳಿತಾಯ. ಆನ್‌ಲೈನ್ ಕ್ಯಾಲ್ಕುಲೇಟರ್‌ಗಳು ಈ ಅಂಕಿಯನ್ನೇ ದೊಡ್ಡದಾಗಿ ತೋರಿಸುತ್ತವೆ.

ಈಗ ಅದೇ 5 ಲಕ್ಷ ಕಟ್ಟಿ, ಅವಧಿ ಕಡಿಮೆ ಮಾಡುವ ಬದಲು ಇಎಂಐ ಕಡಿಮೆ ಮಾಡಿಸಿಕೊಳ್ಳಿ. ಇಎಂಐ 23,891ಕ್ಕೆ ಇಳಿಯುತ್ತೆ, ಅವಧಿ 15 ವರ್ಷವೇ ಇರುತ್ತೆ. ಆಗ ಕ್ಯಾಲ್ಕುಲೇಟರ್ ತೋರಿಸುವ ಉಳಿತಾಯ ಬರೀ 3.6 ಲಕ್ಷ. ಕಟ್ಟಿದ್ದು ಅದೇ 5 ಲಕ್ಷ, ಬ್ಯಾಂಕೂ ಅದೇ, ದರವೂ ಅದೇ. ಹಾಗಾದರೆ ಉಳಿದ 5.4 ಲಕ್ಷ ಎಲ್ಲಿ ಹೋಯ್ತು?

ಎಲ್ಲೂ ಹೋಗಿಲ್ಲ. ಎರಡನೇ ದಾರಿಯಲ್ಲಿ ತಿಂಗಳಿಗೆ 4,778 ರೂಪಾಯಿ ನಿಮ್ಮ ಕೈಯಲ್ಲೇ ಉಳಿಯುತ್ತೆ, ಈ ತಿಂಗಳಿಂದಲೇ. ಅದನ್ನು ಪ್ರತಿ ತಿಂಗಳು ಮತ್ತೆ ಸಾಲಕ್ಕೇ ಕಟ್ಟಿದರೆ ಎರಡೂ ದಾರಿ ಒಂದೇ ಆಗುತ್ತವೆ. ಹಾಗಾಗಿ "ಎಷ್ಟು ಲಕ್ಷ ಬಡ್ಡಿ ಉಳೀತು" ಅನ್ನುವ ಅಂಕಿಯನ್ನು ನೋಡಿ ತೀರ್ಮಾನ ಮಾಡಬೇಡಿ. ಅದು ಇವತ್ತಿನ ದುಡ್ಡನ್ನು ಹತ್ತು ಹನ್ನೆರಡು ವರ್ಷದ ಆಚೆಯ ದುಡ್ಡಿನ ಜೊತೆ ಸುಮ್ನೆ ಕೂಡಿ ಕಳೆದು ಬಂದ ಅಂಕಿ.

ಸರಿಯಾದ ಹೋಲಿಕೆ ಹೀಗೆ ಮಾಡಬೇಕು. 15ನೇ ವರ್ಷದ ಕೊನೆಯಲ್ಲಿ ನಿಂತು ಹಿಂದಿರುಗಿ ನೋಡಿ. ಮೊದಲ ದಾರಿಯಲ್ಲಿ ಸಾಲ 49 ತಿಂಗಳು ಮೊದಲೇ ಮುಗಿದಿದೆ. ಆಮೇಲೆ ತಿಂಗಳಿಗೆ 28,670ನ್ನು ಶೇ. 8 ಬರುವ ಕಡೆ ಹಾಕುತ್ತಾ ಹೋದರೆ ಕೊನೆಗೆ ಕೈಗೆ ಸಿಗೋದು ಸುಮಾರು 16.5 ಲಕ್ಷ. ಇನ್ನೊಂದು ದಾರಿಯಲ್ಲಿ ಸಾಲಕ್ಕೆ ಏನೂ ಹೆಚ್ಚು ಕಟ್ಟದೆ, ಆ 5 ಲಕ್ಷವನ್ನೇ ಶೇ. 8ರಲ್ಲಿ 15 ವರ್ಷ ಬಿಟ್ಟರೆ ಅದೂ 16.5 ಲಕ್ಷವೇ ಆಗುತ್ತೆ. ರೂಪಾಯಿಗೆ ರೂಪಾಯಿ ಸಮ.

ಇಡೀ ಹೋಲಿಕೆ ನಿಂತಿರೋದು ಇದರ ಮೇಲೆ. ಸಾಲಕ್ಕೆ ಕಟ್ಟಿದ ಪ್ರತಿ ರೂಪಾಯಿಯೂ ಸಾಲದ ದರದಷ್ಟೇ ಗಳಿಸುತ್ತೆ, ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ. ಆ ಗಳಿಕೆಗೆ ತೆರಿಗೆ ಇಲ್ಲ, ಮಾರುಕಟ್ಟೆಯ ಏರಿಳಿತವೂ ಇಲ್ಲ. ಹಾಗಾಗಿ ಕೇಳಬೇಕಾದ ಪ್ರಶ್ನೆ ಒಂದೇ: ತೆರಿಗೆ ಕಳೆದ ಮೇಲೂ ನನ್ನ ಸಾಲದ ದರಕ್ಕಿಂತ ಜಾಸ್ತಿ ಕೊಡುವ ಹೂಡಿಕೆ ನನ್ನ ಹತ್ತಿರ ಇದೆಯಾ?

ಶೇ. 8ನ್ನು ಯಾರು ಮೀರಿಸುತ್ತಾರೆ?

ಎಫ್‌ಡಿ ಮೀರಿಸಲ್ಲ. ಶೇ. 6.5 ಕೊಡುವ ಎಫ್‌ಡಿ ಅಂದುಕೊಳ್ಳಿ. ಬಡ್ಡಿಯೆಲ್ಲ ನಿಮ್ಮ ಆದಾಯಕ್ಕೆ ಸೇರಿ ಸ್ಲ್ಯಾಬ್ ಪ್ರಕಾರ ತೆರಿಗೆ ಬೀಳುತ್ತೆ. ನಮ್ಮ ಉದಾಹರಣೆಯವರು ಹೊಸ ತೆರಿಗೆ ಪದ್ಧತಿಯಲ್ಲಿ ಶೇ. 20ರ ಸ್ಲ್ಯಾಬಿನಲ್ಲಿದ್ದಾರೆ. ಸೆಸ್ ಸೇರಿ ಶೇ. 20.8 ಹೋದರೆ ಕೈಗೆ ಉಳಿಯೋದು ಶೇ. 5.15. ಒಂದು ಕಡೆ ಶೇ. 8ಕ್ಕೆ ಸಾಲ, ಇನ್ನೊಂದು ಕಡೆ ಶೇ. 5.15ಕ್ಕೆ ಠೇವಣಿ. 5 ಲಕ್ಷದ ಮೇಲೆ ವರ್ಷಕ್ಕೆ 14 ಸಾವಿರದಷ್ಟು ಸೋರಿ ಹೋಗುತ್ತೆ. 2023ರ ಏಪ್ರಿಲ್ 1ರಿಂದ ಈಚೆಗೆ ಕೊಂಡ, ಸಾಲಪತ್ರಗಳಲ್ಲಿ ಹೂಡುವ ಡೆಟ್ ಮ್ಯೂಚುವಲ್ ಫಂಡ್‌ಗಳ ಲಾಭಕ್ಕೂ ಸ್ಲ್ಯಾಬ್ ತೆರಿಗೆಯೇ, ಹಾಗಾಗಿ ಅವೂ ಇದೇ ಸಾಲಿಗೆ ಸೇರುತ್ತವೆ.

ಪಿಪಿಎಫ್ ಶೇ. 7.1, ತೆರಿಗೆ ಇಲ್ಲ. ಒಳ್ಳೆಯದೇ, ಆದರೆ 8ಕ್ಕಿಂತ ಕಡಿಮೆ. ಪಿಎಫ್ 2024-25ಕ್ಕೆ ಶೇ. 8.25 ಕೊಟ್ಟಿದೆ. ಸಂಬಳದಿಂದ ಸ್ವಯಂಪ್ರೇರಿತವಾಗಿ ಹೆಚ್ಚು ಪಿಎಫ್ ಕಡಿತ ಮಾಡಿಸಿಕೊಳ್ಳುವ ವಿಪಿಎಫ್ ಸೌಲಭ್ಯ ಇದ್ದವರಿಗೆ ಅದು ಸಾಲದ ದರಕ್ಕೆ ಸರಿಸಮ ನಿಲ್ಲುತ್ತೆ. ಆದರೆ ವರ್ಷಕ್ಕೆ ನಿಮ್ಮ ಪಾಲಿನ ಪಿಎಫ್ ಎರಡೂವರೆ ಲಕ್ಷ ದಾಟಿದರೆ ದಾಟಿದ ಭಾಗದ ಬಡ್ಡಿಗೆ ತೆರಿಗೆ ಇದೆ. ಆ ಗೆರೆಯ ಆಚೆ ಅದರ ಆಕರ್ಷಣೆ ಮುಗೀತು.

ಉಳಿದಿದ್ದು ಷೇರು ಮಾರುಕಟ್ಟೆ. ನಿಜವಾದ ಪೈಪೋಟಿ ಇರೋದು ಇಲ್ಲೇ, ಸ್ವಲ್ಪ ನಿಧಾನವಾಗಿ ನೋಡೋಣ. 5 ಲಕ್ಷವನ್ನು, ನಿಫ್ಟಿಯಂಥ ಸೂಚ್ಯಂಕದ ಷೇರುಗಳನ್ನೇ ಕೊಳ್ಳುವ ಇಂಡೆಕ್ಸ್ ಫಂಡ್‌ಗೆ ಹಾಕಿ 15 ವರ್ಷ ಮುಟ್ಟದೆ ಬಿಟ್ಟಿರಿ ಅಂದುಕೊಳ್ಳಿ. ಕೊನೆಗೆ ಒಂದೇ ಸಲ ಮಾರುತ್ತೀರಿ. ದೀರ್ಘಾವಧಿ ಲಾಭದಲ್ಲಿ 1.25 ಲಕ್ಷ ಬಿಟ್ಟು ಉಳಿದದ್ದಕ್ಕೆ ಶೇ. 12.5 ತೆರಿಗೆ, ಮೇಲೆ ಸೆಸ್. ಈಗಿನ ಈ ನಿಯಮದ ಲೆಕ್ಕದಲ್ಲಿ:

| ವರ್ಷಕ್ಕೆ ಬಂದ ಸರಾಸರಿ | 15 ವರ್ಷದ ನಂತರ, ತೆರಿಗೆ ಕಳೆದು |
|---|---|
| ಶೇ. 12 | 24.6 ಲಕ್ಷ |
| ಶೇ. 9 | 16.7 ಲಕ್ಷ |
| ಶೇ. 6 | 11.2 ಲಕ್ಷ |
| ಸಾಲಕ್ಕೆ ಕಟ್ಟಿದ್ದರೆ | 16.5 ಲಕ್ಷ |

ಅಂದರೆ ಗೆರೆ ಶೇ. 9ರ ಹತ್ತಿರ ಬೀಳುತ್ತೆ. ಷೇರು ಫಂಡು ವರ್ಷಕ್ಕೆ ಸರಾಸರಿ 9ಕ್ಕಿಂತ ಜಾಸ್ತಿ ಕೊಟ್ಟರೆ ಹೂಡಿಕೆ ಗೆದ್ದಿತು, ಕಡಿಮೆ ಕೊಟ್ಟರೆ ಸಾಲಕ್ಕೆ ಕಟ್ಟಿದವರು ಗೆದ್ದರು. 12 ಬಂದರೆ 8 ಲಕ್ಷ ಹೆಚ್ಚು ಸಿಗುತ್ತೆ, 6 ಬಂದರೆ 5 ಲಕ್ಷಕ್ಕೂ ಮಿಕ್ಕಿ ಕಡಿಮೆ. "ಮಾರ್ಕೆಟ್ 12 ಕೊಡುತ್ತೆ, ಸಾಲ 8, ಮಧ್ಯದ 4 ನಮಗೆ ಲಾಭ" ಅಂತ ಹೇಳುವವರು ಒಂದು ಮಾತು ಬಿಡುತ್ತಾರೆ. ಆ 8 ಖಾತ್ರಿ, ಈ 12 ನಿರೀಕ್ಷೆ. ಖಾತ್ರಿಯನ್ನು ಬಿಟ್ಟು ನಿರೀಕ್ಷೆಯ ಹಿಂದೆ ಹೋಗೋದಕ್ಕೆ ಸಿಗುವ ಕೂಲಿ ಆ ವ್ಯತ್ಯಾಸ. ಹಾಗೆ ಹೋಗೋದು ತಪ್ಪಲ್ಲ, ಆದರೆ ಕೂಲಿ ಸಿಗೋದು ಬಹಳ ವರ್ಷ ಕಾದವರಿಗೆ ಮಾತ್ರ.

ತೆರಿಗೆ: ಹಳೆಯ ಸಲಹೆ ಈಗ ಎಷ್ಟು ಜನಕ್ಕೆ ಹೊಂದುತ್ತೆ?

"ಗೃಹಸಾಲದಿಂದ ಟ್ಯಾಕ್ಸ್ ಉಳಿಯುತ್ತೆ, ತೀರಿಸಬೇಡಿ" ಅನ್ನುವ ಮಾತು ಹತ್ತು ವರ್ಷದ ಹಿಂದೆ ಬಹುಪಾಲು ಸಂಬಳದಾರರಿಗೆ ಸರಿಯಾಗಿತ್ತು. ಈಗ ಮೊದಲು ನೋಡಬೇಕಾದ್ದು ನೀವು ಯಾವ ಪದ್ಧತಿಯಲ್ಲಿ ತೆರಿಗೆ ಕಟ್ಟುತ್ತಿದ್ದೀರಿ ಅನ್ನೋದನ್ನ. ಹೊಸ ಪದ್ಧತಿಯಲ್ಲಿ ಸ್ವಂತ ವಾಸದ ಮನೆಯ ಸಾಲಕ್ಕೆ ಬಡ್ಡಿಯ ವಿನಾಯಿತಿಯೂ ಇಲ್ಲ, ಅಸಲಿನ 80ಸಿ ವಿನಾಯಿತಿಯೂ ಇಲ್ಲ. 2023-24ರಿಂದ ನೀವು ಬೇರೆ ಏನೂ ಹೇಳದಿದ್ದರೆ ಸಿಗೋದು ಹೊಸ ಪದ್ಧತಿಯೇ. 2025ರ ಬಜೆಟ್ ಆದ ಮೇಲೆ ಅದರ ದರಗಳು ಇನ್ನೂ ಹಗುರವಾದವು. ಅದರಲ್ಲಿ ಇರುವವರಿಗೆ ಶೇ. 8ರ ಸಾಲ ಪೂರ್ತಿ ಶೇ. 8ರದ್ದೇ. ಇಂಥವರು ಟ್ಯಾಕ್ಸ್ ಹೆಸರಲ್ಲಿ ಸಾಲ ಇಟ್ಟುಕೊಳ್ಳೋದರಲ್ಲಿ ಅರ್ಥವೇ ಇಲ್ಲ.

ಹಳೆಯ ಪದ್ಧತಿಯಲ್ಲೇ ಇದ್ದೀರಾ? ಆಗ ಲೆಕ್ಕ ಸ್ವಲ್ಪ ಸೂಕ್ಷ್ಮ. ಸ್ವಂತ ವಾಸದ ಮನೆಗೆ ವರ್ಷಕ್ಕೆ 2 ಲಕ್ಷದವರೆಗಿನ ಬಡ್ಡಿಗೆ ಮಾತ್ರ ವಿನಾಯಿತಿ. ನಮ್ಮ 30 ಲಕ್ಷದ ಸಾಲಕ್ಕೆ ಮೊದಲ ವರ್ಷದ ಬಡ್ಡಿ ಸುಮಾರು 2.36 ಲಕ್ಷ. ಮಿತಿಯ ಮೇಲಿನ 36 ಸಾವಿರಕ್ಕೆ ಏನೂ ಸಿಗಲ್ಲ. 5 ಲಕ್ಷ ಕಟ್ಟಿದರೆ ಮೊದಲ ವರ್ಷದ ಬಡ್ಡಿ 1.95 ಲಕ್ಷಕ್ಕೆ ಇಳಿಯುತ್ತೆ. ಅಂದರೆ ಕಡಿಮೆಯಾದ ಬಡ್ಡಿಯಲ್ಲಿ ಹೆಚ್ಚಿನ ಭಾಗ ವಿನಾಯಿತಿಯೇ ಇಲ್ಲದ ಬಡ್ಡಿ. ಆ ವರ್ಷ ನೀವು ಕಳೆದುಕೊಳ್ಳುವ ತೆರಿಗೆ ಲಾಭ ಎರಡು ಸಾವಿರವೂ ಇಲ್ಲ. ಆದರೆ ಏನೂ ಕಟ್ಟದಿದ್ದರೂ ಐದನೇ ವರ್ಷದ ಹೊತ್ತಿಗೆ ಬಡ್ಡಿ ತಾನಾಗಿ 2 ಲಕ್ಷದ ಕೆಳಗೆ ಬರುತ್ತೆ. ಅಲ್ಲಿಂದ ಮುಂದೆ ಉಳಿಸಿದ ಪ್ರತಿ ರೂಪಾಯಿ ಬಡ್ಡಿಯ ಜೊತೆ ಅದರ ವಿನಾಯಿತಿಯೂ ಹೋಗುತ್ತೆ. ಶೇ. 30ರ ಸ್ಲ್ಯಾಬಿನವರಿಗೆ ಆಗ 8ರ ಸಾಲ ನಿಜಕ್ಕೂ ಬೀಳೋದು 5.5ಕ್ಕೆ.

ಗಂಡ ಹೆಂಡತಿ ಇಬ್ಬರೂ ಮನೆಗೂ ಒಡೆಯರು, ಸಾಲಕ್ಕೂ ಪಾಲುದಾರರು ಆಗಿದ್ದರೆ ಇಬ್ಬರಿಗೂ ತಲಾ 2 ಲಕ್ಷದ ಮಿತಿ ಇದೆ. 2.36 ಲಕ್ಷದ ಬಡ್ಡಿ ಇಬ್ಬರಲ್ಲಿ ಹಂಚಿ ಹೋಗಿ ಪೂರ್ತಿ ವಿನಾಯಿತಿಗೆ ಬರುತ್ತೆ. ಇಬ್ಬರೂ ಹಳೆಯ ಪದ್ಧತಿ, ಇಬ್ಬರೂ ಶೇ. 30ರ ಸ್ಲ್ಯಾಬ್ ಅಂದರೆ ಮೊದಲ ದಿನದಿಂದಲೇ ಸಾಲದ ನಿಜವಾದ ದರ 5.5. ಇಂಥ ಮನೆಯಲ್ಲಿ ಸಾಲಕ್ಕೆ ಬೇಗ ಕಟ್ಟಬೇಡಿ ಅಂತಲೇ ನಾನು ಹೇಳುತ್ತೇನೆ. ಪಿಪಿಎಫ್‌ನ 7.1 ಕೂಡ ಅದನ್ನು ಆರಾಮಾಗಿ ಮೀರಿಸುತ್ತೆ, ಅದೂ ಯಾವ ಅಪಾಯವೂ ಇಲ್ಲದೆ. ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ ಇರೋದರಿಂದ 5 ಲಕ್ಷವನ್ನು ಇಬ್ಬರ ಖಾತೆಗೆ ಎರಡು ವರ್ಷದಲ್ಲಿ ಹಂಚಿ ಹಾಕಬೇಕಾಗುತ್ತೆ, ಅಷ್ಟೆ. ಆದರೆ ಪಿಪಿಎಫ್ 15 ವರ್ಷದ ಖಾತೆ, ಬೇಕಾದಾಗ ಪೂರ್ತಿ ತೆಗೆಯೋಕೆ ಆಗಲ್ಲ ಅನ್ನೋದು ನೆನಪಿರಲಿ.

ಇನ್ನೊಂದು ಎಚ್ಚರ. ಈ ವಿನಾಯಿತಿಗೆ ಬೆಲೆ ಇರೋದು ಹಳೆಯ ಪದ್ಧತಿ ನಿಮಗೆ ನಿಜವಾಗಿ ಲಾಭ ಆಗಿದ್ದರೆ ಮಾತ್ರ. ವರ್ಷ ವರ್ಷ ಬಡ್ಡಿ ಇಳಿಯುತ್ತಾ ಹೋದ ಹಾಗೆ ಹಳೆಯ ಪದ್ಧತಿಯ ಲಾಭವೂ ಕರಗುತ್ತೆ. ಸಂಬಳದಾರರು ಪ್ರತಿ ವರ್ಷ ಪದ್ಧತಿ ಬದಲಿಸಬಹುದು. ರಿಟರ್ನ್ ಹಾಕುವಾಗ ಎರಡೂ ಕಡೆ ಲೆಕ್ಕ ಹಾಕಿ ನೋಡಿ. ಹೊಸದಕ್ಕೆ ಬಂದ ವರ್ಷದಿಂದ ನಿಮ್ಮ ಸಾಲ ಮತ್ತೆ ಪೂರ್ತಿ ದರದ ಸಾಲ.

ಬಾಕಿ ವರ್ಷಗಳು ಏನನ್ನು ಬದಲಿಸುತ್ತವೆ?

"ಮೊದಲ ವರ್ಷಗಳಲ್ಲೇ ಬಡ್ಡಿಯೆಲ್ಲ ಕಟ್ಟಿಬಿಟ್ಟಿರ್ತೀವಿ, ಕೊನೆ ಕೊನೆಗೆ ಕಟ್ಟಿ ಪ್ರಯೋಜನ ಇಲ್ಲ." ಬ್ಯಾಂಕಿನ ಕ್ಯೂನಲ್ಲೂ ಕೇಳಿಬರುವ ಮಾತು ಇದು. ಇದು ಅರ್ಧ ಸತ್ಯ. ಕೊನೆಯ ಇಎಂಐಗಳಲ್ಲಿ ಬಡ್ಡಿ ಕಡಿಮೆ ಇರೋದು ನಿಜ, ಯಾಕೆಂದರೆ ಉಳಿದ ಅಸಲೇ ಕಡಿಮೆ. ಆದರೆ ಉಳಿದ ಆ ಅಸಲಿನ ಮೇಲೆ ದರ ಅದೇ 8.

ನಮ್ಮದೇ ಸಾಲವನ್ನು ಕೊನೆಯ 36 ತಿಂಗಳು ಬಾಕಿ ಇರುವಾಗ ನೋಡಿ. ಅಸಲು 9.15 ಲಕ್ಷ ಇರುತ್ತೆ. ಆಗ 2 ಲಕ್ಷ ಕಟ್ಟಿದರೆ ಸಾಲ ಎಂಟು ತಿಂಗಳಿಗೂ ಹೆಚ್ಚು ಮೊದಲೇ ಮುಗಿದು 47 ಸಾವಿರದಷ್ಟು ಬಡ್ಡಿ ಉಳಿಯುತ್ತೆ. ಅದೇ 2 ಲಕ್ಷವನ್ನು ಆ 36 ತಿಂಗಳೂ ಎಫ್‌ಡಿಯಲ್ಲಿ ಇಟ್ಟರೆ ತೆರಿಗೆ ಕಳೆದು ಸಿಗೋದು 32-33 ಸಾವಿರ. ಕೊನೆಯ ಹಂತದಲ್ಲೂ ಎಫ್‌ಡಿಗಿಂತ ಸಾಲವೇ ವಾಸಿ.

ಹಾಗಾದರೆ ಅವಧಿಯ ಪಾತ್ರ ಏನು? ಅದು ಗಳಿಕೆಯ ದರವನ್ನು ಬದಲಿಸಲ್ಲ. ಆ ದರಕ್ಕೆ ಎದುರಾಗಿ ಯಾವ ಹೂಡಿಕೆಯನ್ನು ನಿಲ್ಲಿಸಬಹುದು ಅನ್ನೋದನ್ನು ಬದಲಿಸುತ್ತೆ. 15 ವರ್ಷ ಬಾಕಿ ಇದ್ದರೆ ಷೇರು ಫಂಡಿಗೆ ಬೀಳೋಕೂ ಏಳೋಕೂ ಸಮಯ ಇದೆ. 3-4 ವರ್ಷ ಬಾಕಿ ಇದ್ದರೆ ಇಲ್ಲ. 2008ರ ಜನವರಿಯಲ್ಲಿ ನಿಫ್ಟಿ 6,300ರ ಹತ್ತಿರ ಇತ್ತು. 2013ರ ನವೆಂಬರ್ ಕೊನೆಯಲ್ಲೂ 6,200ರ ಆಸುಪಾಸಿನಲ್ಲೇ ಇತ್ತು. ಡಿವಿಡೆಂಡ್ ಬಿಟ್ಟರೆ ಆರು ವರ್ಷ ಹೆಚ್ಚು ಕಡಿಮೆ ಏನೂ ಇಲ್ಲ. ಅಂಥ ಕಾಲದಲ್ಲಿ ಸಾಲದ ಶೇ. 8 ಪ್ರತಿ ತಿಂಗಳೂ ತಪ್ಪದೆ ಬೀಳುತ್ತಲೇ ಇರುತ್ತೆ.

ನನ್ನ ಅಳತೆ ಹೀಗಿದೆ. ಐದು ವರ್ಷಕ್ಕಿಂತ ಕಡಿಮೆ ಬಾಕಿ ಇದ್ದು, ದೊಡ್ಡ ತೆರಿಗೆ ಲಾಭ ಇಲ್ಲದಿದ್ದರೆ ಸಾಲಕ್ಕೇ ಕಟ್ಟಿ. ಹತ್ತು ವರ್ಷದ ಮೇಲೆ ಬಾಕಿ ಇದ್ದು, ಮಾರುಕಟ್ಟೆ ಅರ್ಧಕ್ಕೆ ಬಿದ್ದಾಗಲೂ ಮಾರದೆ ಕೂರುತ್ತೇನೆ ಅನ್ನುವ ಗಟ್ಟಿತನ ಇದ್ದರೆ ಹೂಡಿಕೆಗೆ ಪಾಲು ಕೊಡಿ. ಈ ಗಟ್ಟಿತನ ಇದೆಯೋ ಇಲ್ಲವೋ ಅನ್ನೋದಕ್ಕೆ ಹಿಂದಿನ ನಡವಳಿಕೆಯೇ ಸಾಕ್ಷಿ. ಕೊರೊನಾಕ್ಕೆ ಮಾರುಕಟ್ಟೆ ಕುಸಿದ 2020ರ ಮಾರ್ಚಿನಲ್ಲಿ ಎಸ್‌ಐಪಿ ನಿಲ್ಲಿಸಿದ್ದವರು ಮತ್ತೆ ಹಾಗೇ ಮಾಡುವ ಸಾಧ್ಯತೆ ಜಾಸ್ತಿ, ಅಲ್ವಾ?

ದುಡ್ಡು ಹಾಕುವ ಮೊದಲು ಎರಡು ಕೆಲಸ

ಮೊದಲನೆಯದು, ದರ ಸರಿಯಿದೆಯಾ ನೋಡಿ. 2025ರಲ್ಲಿ ರಿಸರ್ವ್ ಬ್ಯಾಂಕ್ ತಾನು ಬ್ಯಾಂಕುಗಳಿಗೆ ಸಾಲ ಕೊಡುವ ರೆಪೊ ದರವನ್ನು 6.5ರಿಂದ 5.25ಕ್ಕೆ ಇಳಿಸಿತು. ರೆಪೊಗೆ ಜೋಡಿಸಿದ ಸಾಲ ಆಗಿದ್ದರೆ ನಿಮ್ಮ ದರವೂ ಒಂದೂಕಾಲರಷ್ಟು ಇಳಿದಿರಬೇಕು. ಸ್ಟೇಟ್‌ಮೆಂಟ್ ತೆಗೆದು ನೋಡಿ. ಇಳಿದಿಲ್ಲ ಅಂದರೆ ಸಾಲ ಬಹುಶಃ ಬ್ಯಾಂಕ್ ತನ್ನ ಖರ್ಚಿನ ಮೇಲೆ ಲೆಕ್ಕ ಹಾಕುವ ಹಳೆಯ ಎಂಸಿಎಲ್ಆರ್‌ನಲ್ಲೋ, ಹೌಸಿಂಗ್ ಫೈನಾನ್ಸ್ ಕಂಪನಿಯ ಸ್ವಂತ ದರದಲ್ಲೋ ಇದೆ. ಸ್ವಲ್ಪ ಶುಲ್ಕ ಕಟ್ಟಿ ದರ ಬದಲಿಸಿಕೊಳ್ಳೋಕೆ ಕೇಳಿ. 30 ಲಕ್ಷದ ಮೇಲೆ ಅರ್ಧ ಪರ್ಸೆಂಟ್ ಇಳಿದರೂ ಮೊದಲ ವರ್ಷವೇ 15 ಸಾವಿರದಷ್ಟು ಉಳಿಯುತ್ತೆ, ಒಂದು ರೂಪಾಯಿ ಮುಂಗಡ ಕಟ್ಟದೆ.

ಎರಡನೆಯದು ತುರ್ತು ನಿಧಿ. ಸಾಲಕ್ಕೆ ಕಟ್ಟಿದ ದುಡ್ಡು ವಾಪಸ್ ಬರಲ್ಲ. ಇವತ್ತು 5 ಲಕ್ಷ ಕಟ್ಟಿ ಮುಂದಿನ ತಿಂಗಳು ಕೆಲಸ ಹೋದರೆ, "ಮೊನ್ನೆ ತಾನೇ ಕಟ್ಟಿದೆನಲ್ಲ" ಅಂದರೂ ಇಎಂಐ ನಿಲ್ಲಲ್ಲ. ಆಗ ಪರ್ಸನಲ್ ಲೋನ್ ತೆಗೆದರೆ ಉಳಿಸಿದ್ದಕ್ಕಿಂತ ಜಾಸ್ತಿ ಬಡ್ಡಿ ಹೋಗುತ್ತೆ. ಆರು ತಿಂಗಳ ಮನೆ ಖರ್ಚು ಮತ್ತು ಇಎಂಐ ಎಫ್‌ಡಿಯಲ್ಲಿ ಇರಲಿ. ಈ ಒಂದು ದುಡ್ಡು ಶೇ. 5 ಗಳಿಸಿದರೂ ಪರವಾಗಿಲ್ಲ. ಕೆಲವು ಬ್ಯಾಂಕುಗಳಲ್ಲಿ ಓವರ್‌ಡ್ರಾಫ್ಟ್ ಮಾದರಿಯ ಗೃಹಸಾಲ ಇದೆ, ಎಸ್‌ಬಿಐನ ಮ್ಯಾಕ್ಸ್‌ಗೇನ್ ಥರದ್ದು. ಅದರಲ್ಲಿ ಹೆಚ್ಚುವರಿ ದುಡ್ಡು ಇಟ್ಟಷ್ಟು ದಿನ ಅಷ್ಟಕ್ಕೆ ಬಡ್ಡಿ ಬೀಳಲ್ಲ, ಬೇಕಾದಾಗ ತೆಗೆಯಬಹುದು. ದರ ಸಾಮಾನ್ಯವಾಗಿ ಸ್ವಲ್ಪ ಹೆಚ್ಚು. ಕೈಯಲ್ಲಿ ಯಾವಾಗಲೂ ದೊಡ್ಡ ಮೊತ್ತ ಓಡಾಡುವವರಿಗೆ ಮಾತ್ರ ಅದು ಲಾಭ.

ಇಷ್ಟೆಲ್ಲ ನೋಡಿದರೆ ನಮ್ಮ ಮೈಸೂರಿನವರಿಗೆ ಏನು ಹೇಳಬಹುದು? ಅವರು ಹೊಸ ಪದ್ಧತಿಯಲ್ಲಿದ್ದಾರೆ, ಹಾಗಾಗಿ ದರ ಪೂರ್ತಿ 8. ಅವಧಿ 15 ವರ್ಷ, ಹಾಗಾಗಿ ಷೇರಿಗೂ ಜಾಗ ಇದೆ. ತುರ್ತು ನಿಧಿ ಬೇರೆ ಇದ್ದರೆ ನಾನಾದರೆ 3 ಲಕ್ಷ ಸಾಲಕ್ಕೆ, 2 ಲಕ್ಷ ಇಂಡೆಕ್ಸ್ ಫಂಡಿಗೆ ಅಂತೀನಿ. ನಿವೃತ್ತಿಗೆ ಹದಿನೈದೇ ವರ್ಷ ಇದ್ದು ಪಿಎಫ್ ಬಿಟ್ಟರೆ ಬೇರೆ ಉಳಿತಾಯವೇ ಇಲ್ಲ ಅಂದರೆ ಪಾಲು ತಿರುಗಿಸುತ್ತೇನೆ. ಮನೆ ಸಾಲ ಇಲ್ಲದ್ದಾಯ್ತು, ಆದರೆ ಮುಂದೆ ತಿಂಗಳ ಖರ್ಚಿಗೆ ದುಡ್ಡಿಲ್ಲ ಅನ್ನುವ ಸ್ಥಿತಿ ಬರಬಾರದು. ಮನೆಯ ಗೋಡೆ ಒಡೆದು ತರಕಾರಿ ತರೋಕಾಗಲ್ಲ.

ಕಟ್ಟುವಾಗ ತಪ್ಪುವ ಜಾಗ

ವ್ಯಕ್ತಿಗಳ ಫ್ಲೋಟಿಂಗ್ ದರದ ಗೃಹಸಾಲಕ್ಕೆ ಮುಂಗಡ ಕಟ್ಟಿದರೆ ದಂಡ ಹಾಕುವ ಹಾಗಿಲ್ಲ, ಇದು ರಿಸರ್ವ್ ಬ್ಯಾಂಕಿನ ನಿಯಮ. ಫಿಕ್ಸೆಡ್ ದರದ ಸಾಲಕ್ಕೆ ಶುಲ್ಕ ಇರಬಹುದು, ಒಪ್ಪಂದದ ಪತ್ರ ನೋಡಿ.

ಕಟ್ಟುವಾಗ ಇದು ಅಸಲಿಗೆ ಪಾರ್ಟ್ ಪೇಮೆಂಟ್ ಅಂತ ಸ್ಪಷ್ಟವಾಗಿ ಬರೆದುಕೊಡಿ. ಅವಧಿ ಇಳಿಸಬೇಕಾ, ಇಎಂಐ ಇಳಿಸಬೇಕಾ ಅನ್ನೋದನ್ನೂ ಬರೆಯಿರಿ. ಹೀಗೆ ಹೇಳದಿದ್ದರೆ ಕೆಲವು ಕಡೆ ದುಡ್ಡು ಮುಂದಿನ ಇಎಂಐಗಳ ಮುಂಗಡ ಅಂತ ಸುಮ್ನೆ ಖಾತೆಯಲ್ಲಿ ಕೂರುತ್ತೆ, ಅಸಲು ಇಳಿಯೋದೇ ಇಲ್ಲ. ಸಂಬಳ ನಿಶ್ಚಿತ ಇದ್ದವರಿಗೆ ಅವಧಿ ಇಳಿಸೋದು ಒಳ್ಳೆಯದು, ಯಾಕೆಂದರೆ ಉಳಿದ ದುಡ್ಡು ಬೇರೆ ಖರ್ಚಿಗೆ ಹರಿದು ಹೋಗಲ್ಲ. ಆದಾಯ ಏರಿಳಿತ ಇರುವ ವ್ಯಾಪಾರಿಗಳಿಗೆ ಇಎಂಐ ಇಳಿಸೋದೇ ಹಗುರ.

ಸರಿಯಾಗಿ ಜಮಾ ಆಗಿದೆಯಾ ಅಂತ ತಿಳಿಯೋದು ಸುಲಭ. ಮುಂದಿನ ತಿಂಗಳ ಸ್ಟೇಟ್‌ಮೆಂಟಿನಲ್ಲಿ ಬಡ್ಡಿಯ ಕಾಲಂ ನೋಡಿ. ನಮ್ಮ ಉದಾಹರಣೆಯಲ್ಲಿ 30 ಲಕ್ಷಕ್ಕೆ ತಿಂಗಳ ಬಡ್ಡಿ 20,000 ಇತ್ತು. 3 ಲಕ್ಷ ಕಟ್ಟಿದ್ದರೆ ಅದು 18,000ದ ಹತ್ತಿರಕ್ಕೆ ಬಂದಿರಬೇಕು, 5 ಲಕ್ಷ ಕಟ್ಟಿದ್ದರೆ 16,667ರ ಹತ್ತಿರಕ್ಕೆ. ಕಟ್ಟಿದ ತಿಂಗಳಲ್ಲಿ ದಿನದ ಲೆಕ್ಕ ಬೆರೆತು ಸ್ವಲ್ಪ ಹೆಚ್ಚು ಕಾಣಬಹುದು, ಅದರ ಮುಂದಿನ ತಿಂಗಳು ಸರಿಯಾಗುತ್ತೆ. ಆಗಲೂ 20,000ದ ಹತ್ತಿರವೇ ನಿಂತಿದ್ದರೆ ಕೂಡಲೇ ಬ್ರ್ಯಾಂಚಿಗೆ ಹೋಗಿ, ಹೊಸ ಕಂತಿನ ಪಟ್ಟಿ ಕೇಳಿ ತಗೊಳ್ಳಿ.